‘ಅಣ್ಣಾ’ ಎಂದ ಮೇಲಿನ ಮಾತು

ಅಪರಿಚಿತರನ್ನು ಯಾವ ಪದದಿಂದ ಕರೆಯಬೇಕೆಂಬುದನ್ನು ನಮ್ಮ ಹೆಣ್ಣುಮಕ್ಕಳು ಸಾಮಾನ್ಯವಾಗಿ ಬಲ್ಲರು. ಗಾಡಿ ನಡೆಸುವವರಿಗೆ ‘ಅಣ್ಣಾ’ ಎಂದೂ, ಹೂವು ಮಾರುವವರಿಗೆ ‘ಅಕ್ಕಾ’ ಎಂದೂ, ಕಛೇರಿಯಲ್ಲಿ ಕುಳಿತವರಿಗೆ ‘ಸಾರ್’ ಎಂದೂ ಕರೆಯುವುದು ಅವರ ಬಾಯಿಗೆ ತಾನಾಗಿಯೇ ಬರುತ್ತದೆ. ಆದರೆ ಕರೆದ ಪದವು ಮರ್ಯಾದೆಯದಾಗಿದ್ದರೂ ಅದರ ಬೆನ್ನಿಗೇ ಬರುವ ಮಾತು ಅಮರ್ಯಾದೆಯದಾಗುವುದುಂಟು. ಆಡಿದವರಿಗೆ ಇದು ತಿಳಿಯುವುದಿಲ್ಲ. ಕೇಳಿದವರಿಗೆ ಮಾತ್ರ ತಟ್ಟುತ್ತದೆ. ಆ ತಪ್ಪು ಯಾವುದು, ಅದು ಎಲ್ಲಿಂದ ಬರುತ್ತದೆ, ಅದನ್ನು ತಿದ್ದಿಕೊಳ್ಳುವುದು ಹೇಗೆ ಎಂಬುದೇ ಈ ಪಾಠದ ವಿಷಯವಾಗಿದೆ.

ಒಂದು ಪ್ರಸಂಗವನ್ನು ಹೇಳುವೆನು. ಒಬ್ಬ ವಿದ್ಯಾರ್ಥಿನಿಯು ತನ್ನ ತಾಯಿಯೊಡನೆ ಮೈಸೂರಿನ ರೈಲ್ವೆ ನಿಲ್ದಾಣದಲ್ಲಿಳಿದು, ದೇವರಾಜ ಮಾರುಕಟ್ಟೆಗೆ ಹೋಗಲು ಆಟೋ ಹಿಡಿದಳು. ಚಾಲಕರಿಗೆ ನಲವತ್ತೈದರ ಮೇಲಿನ ಪ್ರಾಯ. ಹುಡುಗಿಯು ನಗುಮುಖದಿಂದಲೇ, “ಅಣ್ಣಾ, ಮಾರ್ಕೆಟ್ಟಿಗೆ ಬರ್ತೀಯಾ?” ಎಂದು ಕೇಳಿದಳು. ಅವರು ಒಂದು ಕ್ಷಣ ಸುಮ್ಮನಿದ್ದು ತಲೆಯಾಡಿಸಿದರು. ದಾರಿಯಲ್ಲಿ, “ಅಣ್ಣಾ, ಇಲ್ಲೇ ನಿಲ್ಲಿಸು” ಎಂದಳು. ಇಳಿದ ಮೇಲೆ ತಾಯಿಯು ಚೀಲದಿಂದ ಹಣವನ್ನು ತೆಗೆಯುತ್ತಾ, “ಇವನಿಗೆ ಎಷ್ಟು ಕೊಡಬೇಕಂತೆ?” ಎಂದು ಮಗಳನ್ನು ಕೇಳಿದರು. ಚಾಲಕರು ಹಣವನ್ನು ತೆಗೆದುಕೊಂಡು ಚಿಲ್ಲರೆಯನ್ನು ಎಣಿಸಿ ಕೊಟ್ಟ ಮೇಲೆ ಮೆಲ್ಲಗೆ ಹೀಗೆಂದರು: “ಅಣ್ಣ ಅಂತ ಕರೆದೆಯಲ್ಲಮ್ಮಾ, ಸಂತೋಷ. ಆದರೆ ಅಣ್ಣನಿಗೆ ಬರ್ತೀಯಾ, ನಿಲ್ಲಿಸು ಅಂದೆ. ನಿಮ್ಮ ತಾಯಿ ಇವನು ಅಂದರು. ನನಗೂ ನಿನ್ನಷ್ಟು ದೊಡ್ಡ ಮಗಳಿದ್ದಾಳೆ.”

ಹುಡುಗಿಗೆ ಬಹಳ ದುಃಖವಾಯಿತು. ತಾನು ವಿನಯದಿಂದಲೇ ಮಾತನಾಡಿದೆನೆಂದು ಅವಳು ನಂಬಿದ್ದಳು. ಆ ನಂಬಿಕೆ ಸುಳ್ಳೂ ಅಲ್ಲ. ಅವಳ ಮನಸ್ಸಿನಲ್ಲಿ ತಿರಸ್ಕಾರವಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿಂದ ಬಂದಿತು?

ಅದು ಅವಳ ಮನೆಯಿಂದಲೇ ಬಂದಿತು. ಅನೇಕ ಮನೆಗಳಲ್ಲಿ ಒಡಹುಟ್ಟಿದ ಅಣ್ಣನನ್ನು ‘ನೀನು’ ಎಂದೇ ಮಾತನಾಡಿಸುತ್ತಾರೆ. “ಅಣ್ಣಾ, ಊಟಕ್ಕೆ ಬಾ”, “ಅಕ್ಕಾ, ಜಡೆ ಹಾಕು”, “ಅಮ್ಮಾ, ನೀರು ಕೊಡು” ಎಂಬ ಮಾತುಗಳಲ್ಲಿ ಮರ್ಯಾದೆಗೆ ಕೊರತೆಯಿಲ್ಲ. ಸಲಿಗೆಯೇ ಅಲ್ಲಿ ಪ್ರೀತಿಯ ಗುರುತು. ಹೀಗೆ ‘ಅಣ್ಣಾ’ ಎಂಬ ಕರೆಯೂ ‘ಬಾ’ ಎಂಬ ಕ್ರಿಯಾಪದವೂ ಮಗುವಿನ ನಾಲಗೆಯಲ್ಲಿ ಜೋಡಿಯಾಗಿ ಕೂಡಿಕೊಂಡಿರುತ್ತವೆ. ಬೀದಿಯಲ್ಲಿ ಒಬ್ಬ ಅಪರಿಚಿತರನ್ನು ‘ಅಣ್ಣಾ’ ಎಂದು ಕರೆದ ಕೂಡಲೇ ಅದರ ಜೊತೆಯ ‘ಬಾ’ ಎಂಬುದು ಕರೆಯದೆಯೇ ಬಂದುಬಿಡುತ್ತದೆ. ‘ಸಾರ್’ ಎಂಬ ಪದದ ವಿಷಯದಲ್ಲಿ ಈ ತೊಡಕಿಲ್ಲ. ಅದು ಶಾಲೆ ಕಛೇರಿಗಳ ಮೂಲಕ ಇಂಗ್ಲಿಷಿನಿಂದ ಬಂದ ಪದವಾದುದರಿಂದ ನಾವು ಅದನ್ನು ಮೊದಲಿನಿಂದಲೂ ‘ನೀವು’ ಎಂಬುದರೊಡನೆಯೇ ಕಲಿತೆವು. “ಸಾರ್, ಬನ್ನಿ” ಎನ್ನುವವರುಂಟು. “ಸಾರ್, ಬಾ” ಎಂಬ ಮಾತು ಹಾಸ್ಯಕ್ಕಲ್ಲದೆ ಕಿವಿಗೆ ಬೀಳುವುದಿಲ್ಲ.

ಆದುದರಿಂದ ಮೊದಲನೆಯ ನಿಯಮವಿದು: ಸಂಬಂಧದ ಪದವನ್ನು ಮನೆಯಿಂದ ಬೀದಿಗೆ ತರಬಹುದು, ಮನೆಯ ಕ್ರಿಯಾಪದವನ್ನು ತರಬಾರದು. ‘ಬಾ’ ಎಂಬಲ್ಲಿ ‘ಬನ್ನಿ’, ‘ಕೊಡು’ ಎಂಬಲ್ಲಿ ‘ಕೊಡಿ’, ‘ನಿಲ್ಲಿಸು’ ಎಂಬಲ್ಲಿ ‘ನಿಲ್ಲಿಸಿ’, ‘ಬರ್ತೀಯಾ’ ಎಂಬಲ್ಲಿ ‘ಬರ್ತೀರಾ’ ಎಂದಾಗಬೇಕು. ವ್ಯಾಕರಣದಲ್ಲಿ ಇದಕ್ಕೆ ಗೌರವಾರ್ಥ ಬಹುವಚನವೆಂದು ಹೆಸರು. ಒಬ್ಬರನ್ನೇ ಕುರಿತು ಆಡಿದರೂ ಬಹುವಚನದ ರೂಪವನ್ನು ಬಳಸುವುದರಿಂದ ಗೌರವವು ಸಲ್ಲುತ್ತದೆ. ಕನ್ನಡದ ಮರ್ಯಾದೆಯೆಲ್ಲ ಬಹುಮಟ್ಟಿಗೆ ಈ ಕೊನೆಯ ಅಕ್ಷರದಲ್ಲಿಯೇ ನಿಂತಿದೆ. ಇಂಗ್ಲಿಷಿನ ರೂಢಿಯಿಂದ ಕೆಲವರು ಪ್ರತಿಯೊಂದು ಮಾತಿಗೂ ‘ದಯವಿಟ್ಟು’ ಎಂಬುದನ್ನು ಸೇರಿಸುತ್ತಾರೆ. ಪತ್ರದಲ್ಲಿಯೂ ಪ್ರಕಟಣೆಯ ಹಲಗೆಯಲ್ಲಿಯೂ ಅದು ಒಪ್ಪುತ್ತದೆ. ತರಕಾರಿಯ ಅಂಗಡಿಯಲ್ಲಿ ಕೃತಕವಾಗಿ ಕೇಳಿಸುತ್ತದೆ. “ಅಕ್ಕಾ, ಎರಡು ಮೊಳ ಮಲ್ಲಿಗೆ ಕೊಡಿ” ಎಂದರೆ ಬೇಕಾದ ವಿನಯವೆಲ್ಲ ಅದರಲ್ಲಿ ಬಂದಂತಾಯಿತು. “ದಯವಿಟ್ಟು ಎರಡು ಮೊಳ ಕೊಡು” ಎಂದರೆ ‘ದಯವಿಟ್ಟು’ ಎಂಬುದು ‘ಕೊಡು’ ಎಂಬುದರ ತಪ್ಪನ್ನು ಮುಚ್ಚಲಾರದು.

ಎರಡನೆಯ ನಿಯಮವು ತಾಯಿಯು ಆಡಿದ ಮಾತಿಗೆ ಸಂಬಂಧಪಟ್ಟುದು. ಎದುರಿಗೆ ನಿಂತವರೊಡನೆ ‘ನೀವು’ ಎಂದು ಮಾತನಾಡಿ, ಅವರ ವಿಷಯವನ್ನು ಪಕ್ಕದವರೊಡನೆ ಹೇಳುವಾಗ ‘ಇವನು’, ‘ಅವಳು’ ಎಂದರೆ, ಮೊದಲು ಕೊಟ್ಟ ಮರ್ಯಾದೆಯನ್ನು ಕಣ್ಣೆದುರಿಗೇ ಹಿಂದಕ್ಕೆ ತೆಗೆದುಕೊಂಡಂತಾಗುತ್ತದೆ. “ಇವರಿಗೆ ಎಷ್ಟು ಕೊಡಬೇಕಂತೆ?”, “ಹೂವಿನವರು ಏನೆಂದರು?” ಎಂದು ಹೇಳುವುದೇ ಸರಿ. ಹಾಲಿನವನು, ಗಾಡಿಯವನು, ತರಕಾರಿಯವಳು ಎಂಬ ರೂಪಗಳು ನಮ್ಮ ಮನೆಮಾತಿನಲ್ಲಿ ಬಲವಾಗಿ ಬೇರೂರಿವೆ. ಅವರು ಇಲ್ಲದಿರುವಾಗ ಆಡಿದರೇನಂತೆ ಎಂದು ಕೆಲವರು ಕೇಳಬಹುದು. ಮನೆಯಲ್ಲಿ ದಿನವೂ ‘ಹಾಲಿನವನು’ ಎಂಬುದನ್ನು ಕೇಳಿದ ಮಗು ಬಾಗಿಲಿಗೆ ಬಂದವರಿಗೆ ‘ಬಾ’ ಎಂದೇ ಹೇಳುತ್ತದೆ; ಮಕ್ಕಳು ಈ ಪಾಠವನ್ನು ಕಲಿಯುವುದು ತಂದೆತಾಯಿಗಳು ಮರೆಯಲ್ಲಿ ಆಡುವ ಮಾತಿನಿಂದಲೇ.

ಇನ್ನು ಪದದ ಆಯ್ಕೆಯನ್ನು ಕುರಿತು ಕೆಲವು ಮಾತು. ಅಣ್ಣ, ಅಕ್ಕ ಎಂಬವು ರಕ್ತಸಂಬಂಧವನ್ನು ಮೀರಿ ಗೌರವಕ್ಕೆ ಸಲ್ಲುತ್ತಿರುವುದು ಹೊಸತಲ್ಲ. 12ನೆಯ ಶತಮಾನದ ಬಸವಣ್ಣನವರ ಮತ್ತು ಅಕ್ಕಮಹಾದೇವಿಯ ಹೆಸರುಗಳಲ್ಲಿಯೇ ಅದನ್ನು ಕಾಣಬಹುದು. ಈಗಿನ ಬಳಕೆಯಲ್ಲಿ, ನಿಮಗಿಂತ ಸ್ವಲ್ಪ ಹಿರಿಯರಾಗಿ ಕಾಣುವ ಚಾಲಕರಿಗೂ ಅಂಗಡಿಯವರಿಗೂ ‘ಅಣ್ಣಾ’ ಎಂಬುದು ಒಪ್ಪುತ್ತದೆ. ತಲೆ ನರೆತ ಅಂಗಡಿಯವರಿಗೆ ಹಳೆಯ ಮೈಸೂರಿನ ಕಡೆ ‘ಯಜಮಾನರೇ’ ಎಂಬುದು ಇನ್ನೂ ಚೆಲುವಾದ ಕರೆ. ದೂರದಲ್ಲಿ ಹೋಗುವ ವಾಹನವನ್ನು ನಿಲ್ಲಿಸಲು “ಆಟೋ!” ಎಂದು ಕೂಗುವುದನ್ನು ಯಾರೂ ತಪ್ಪೆಣಿಸುವುದಿಲ್ಲ; ಆಗ ಕರೆಯುವುದು ವಾಹನವನ್ನು. ಅದು ನಿಂತ ಮೇಲೆ ಮಾತನಾಡುವುದು ಮನುಷ್ಯರೊಡನೆಯಾದುದರಿಂದ ‘ಅಣ್ಣಾ’ ಎಂದಾಗಲಿ ‘ಸಾರ್’ ಎಂದಾಗಲಿ ಕರೆಯತಕ್ಕದ್ದು. ಪರಿಚಯವಿಲ್ಲದವರ ಜಾತಿಮತವನ್ನು ಊಹಿಸಿ ‘ಶೆಟ್ಟರೇ’, ‘ಸಾಬರೇ’ ಎನ್ನುವುದು ಬೇಡ. ಊಹೆ ತಪ್ಪಿದರೆ ನಗೆಪಾಟಲು. ಸರಿಯಾದರೂ ಕೆಲವರಿಗೆ ನೋವು.

ಹೆಂಗಸರ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿರಬೇಕು. ವಯಸ್ಸು ಸರಿಯಾಗಿ ತಿಳಿಯದಿದ್ದರೆ ‘ಅಕ್ಕಾ’ ಎಂದರೆ ಸಾಕು; ಅದರಿಂದ ನೊಂದವರನ್ನು ನಾನು ಕಂಡಿಲ್ಲ. ‘ಆಂಟಿ’ ಎಂಬುದರಿಂದ ಮುಖ ಕೆಡಿಸಿಕೊಂಡವರನ್ನು ಬಹಳ ಕಂಡಿದ್ದೇನೆ. ‘ಅಮ್ಮಾ’ ಎಂಬುದು ಪ್ರಾಯವನ್ನಷ್ಟೇ ಹೇಳುವ ಪದವಲ್ಲ, ಗೌರವದ ಪದವೂ ಹೌದು. ಮೇಲಿನ ಚಾಲಕರು ಮಗಳ ಪ್ರಾಯದ ಹುಡುಗಿಯನ್ನು ‘ಅಮ್ಮಾ’ ಎಂದುದನ್ನು ಗಮನಿಸಿರಿ. ಆದರೆ ಬ್ಯಾಂಕಿನ ಮೇಜಿನ ಹಿಂದೆ ಕುಳಿತ ಅಧಿಕಾರಿಣಿಯನ್ನು ‘ಅಕ್ಕಾ’ ಎಂದರೆ, ಕೆಲಸದ ಸ್ಥಳದಲ್ಲಿ ಸಲಿಗೆಯನ್ನು ಬೇಡಿದಂತಾಗುತ್ತದೆ. ಅಲ್ಲಿ ‘ಮೇಡಂ’ ಎಂಬುದೇ ತಕ್ಕುದು. ಅವರ ಸಹೋದ್ಯೋಗಿಗೆ ‘ಸಾರ್’ ಎಂಬುದು ಹೇಗೋ ಹಾಗೆ.

ಮೇಲಿನ ಚಾಲಕರು ಹುಡುಗಿಯನ್ನು ‘ಕರೆದೆಯಲ್ಲಮ್ಮಾ’ ಎಂದು ಏಕವಚನದಲ್ಲಿಯೇ ಮಾತನಾಡಿಸಿದರಲ್ಲವೇ ಎಂದು ಯಾರಾದರೂ ಕೇಳಬಹುದು. ಹಿರಿಯರು ಕಿರಿಯರಿಗೆ ‘ಅಮ್ಮಾ’, ‘ಅಪ್ಪಾ’ ಎಂಬುದನ್ನು ಸೇರಿಸಿ “ಬಾಮ್ಮಾ”, “ಕೊಡಪ್ಪಾ” ಎನ್ನುವಾಗ ಏಕವಚನದ ಒರಟುತನವೆಲ್ಲ ಕರಗಿ ವಾತ್ಸಲ್ಯವಾಗುತ್ತದೆ. ಆದರೆ ಈ ದಾರಿಯು ಮೇಲಿನಿಂದ ಕೆಳಕ್ಕೆ ಮಾತ್ರ. ಹದಿನೆಂಟರ ಹುಡುಗಿಯು ಅರುವತ್ತರ ಅಂಗಡಿಯವರಿಗೆ “ಚಿಲ್ಲರೆ ಕೊಡಪ್ಪಾ” ಎಂದರೆ ಅದು ಅಧಿಕಪ್ರಸಂಗ. ಹೂವಿನ ಅಜ್ಜಿಯು ನಿಮ್ಮನ್ನು ‘ನೀನು’ ಎಂದರೆ ಪ್ರೀತಿಯೆಂದು ತಿಳಿದು, ನೀವು ಅವರಿಗೆ ‘ನೀವು’ ಎಂದೇ ಉತ್ತರ ಕೊಡಿರಿ.

ಹುಬ್ಬಳ್ಳಿ ಧಾರವಾಡಗಳ ಕಡೆಗೆ ಮದುವೆಯಾಗಿ ಹೋದ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಸೂಚನೆ. ಅಲ್ಲಿ ಮರ್ಯಾದೆಯ ಗುರುತು ‘ರಿ’ ಎಂಬ ಅಕ್ಷರ. ‘ಕೊಡ್ರಿ’, ‘ಬರ್ರಿ’ ಎಂಬ ಕ್ರಿಯಾಪದಗಳಲ್ಲಿ ಮಾತ್ರವಲ್ಲ, ‘ಹೌದ್ರಿ’, ‘ಇಲ್ರಿ’, ‘ಎಷ್ಟ್ರಿ’ ಎಂಬಲ್ಲಿಯೂ ಅದು ಬೇಕು. ಕರೆಯುವ ಪದವೂ ‘ಅಣ್ಣಾರ’, ‘ಅಕ್ಕಾರ’ ಎಂದಾಗುತ್ತದೆ. ಮೈಸೂರಿನವರು ಅಲ್ಲಿ ಬರಿಯ ‘ಹೌದು’ ಎಂದು ನಿಲ್ಲಿಸಿದರೆ ಮಾತು ಮೊಟಕಾಗಿ ಕೇಳಿಸುತ್ತದೆ. ಅದೇ ಅಕ್ಷರವು ತೆಂಕಣಕ್ಕೆ ಬಂದಾಗ ಬೇರೆ ಅರ್ಥವನ್ನು ಪಡೆಯುತ್ತದೆ. ಮೈಸೂರು ಬೆಂಗಳೂರುಗಳ ಕಡೆ ‘ರೀ’ ಎಂದು ಒಂದನ್ನೇ ಕೂಗುವುದು ಹೆಂಡತಿಯು ಗಂಡನನ್ನು ಕರೆಯುವ ರೂಢಿ. ಅಪರಿಚಿತರನ್ನು ಹಾಗೆ ಕೂಗಿದರೆ ಕೆಲವೊಮ್ಮೆ ಜಗಳದ ಧ್ವನಿಯಾಗಿಯೂ ತೋರುವುದು. ಇದರಲ್ಲಿ ಯಾವ ಕಡೆಯ ಕನ್ನಡವೂ ಹೆಚ್ಚಲ್ಲ, ಕಡಿಮೆಯಲ್ಲ. ಹೋದ ಊರಿನ ಅಕ್ಷರವನ್ನು ಕಲಿತುಕೊಳ್ಳುವುದೇ ಆ ಊರಿಗೆ ಸಲ್ಲಿಸುವ ಗೌರವ.

ಮನೆಯಲ್ಲಿ ಮಕ್ಕಳೊಡನೆ ಮಾಡಲು ಒಂದು ಅಭ್ಯಾಸವನ್ನು ಕೊಡುವೆನು. ಮುಂದಿನ ಮೂರು ವಾಕ್ಯಗಳಲ್ಲಿ ಕರೆಯುವ ಪದವನ್ನು ಹಾಗೆಯೇ ಉಳಿಸಿ, ತಪ್ಪಿರುವುದನ್ನು ಮಾತ್ರ ತಿದ್ದಬೇಕು: “ಅಕ್ಕಾ, ಬಾಳೆಹಣ್ಣು ಹೇಗೆ ಕೊಡ್ತೀಯಾ?” “ಅಣ್ಣಾ, ಸ್ವಲ್ಪ ಮುಂದೆ ಹೋಗಿ ಎಡಕ್ಕೆ ತಿರುಗಿಸು.” “ಸಾರ್, ಹೊರಗೆ ನಿಂತಿರುವ ಡ್ರೈವರ್ ನಿಮ್ಮನ್ನು ಕೇಳುತ್ತಿದ್ದಾನೆ.” ಮೊದಲನೆಯದರಲ್ಲಿ ‘ಕೊಡ್ತೀರಾ’ ಎಂದೂ, ಎರಡನೆಯದರಲ್ಲಿ ‘ತಿರುಗಿಸಿ’ ಎಂದೂ ಆಗಬೇಕು. ಮೂರನೆಯದರಲ್ಲಿ ‘ಸಾರ್’ ಅವರಿಗೆ ಸಲ್ಲಬೇಕಾದುದು ಸಂದಿದೆ; ಹೊರಗೆ ನಿಂತವರಿಗೆ ಸಂದಿಲ್ಲ. ‘ಕೇಳುತ್ತಿದ್ದಾರೆ’ ಎಂದಾಗಬೇಕು. ಮಕ್ಕಳು ಮೊದಲೆರಡನ್ನು ಬೇಗನೆ ತಿದ್ದುವರು. ಮೂರನೆಯದರಲ್ಲಿ ತಪ್ಪಿರುವುದೇ ಅನೇಕರಿಗೆ ಕಾಣುವುದಿಲ್ಲ. ಅದು ಕಾಣುವವರೆಗೆ ಈ ಪಾಠವು ಮುಗಿದಂತಲ್ಲ.

ಆ ವಿದ್ಯಾರ್ಥಿನಿಯು ಮುಂದಿನ ತಿಂಗಳು ಅದೇ ನಿಲ್ದಾಣದಲ್ಲಿ ಇಳಿದಾಗ ಬೇರೊಬ್ಬ ಚಾಲಕರಿದ್ದರು. “ಅಣ್ಣಾ, ಮಾರ್ಕೆಟ್ಟಿಗೆ ಬರ್ತೀರಾ?” ಎಂದು ಕೇಳಿದಳಂತೆ. “ಕೂತ್ಕೊಳ್ಳಮ್ಮಾ” ಎಂದು ಅವರು ಉತ್ತರ ಕೊಟ್ಟರಂತೆ. ಇಳಿಯುವಾಗ ತಾಯಿಯೇ, “ಇವರಿಗೆ ಎಷ್ಟಾಯಿತು ಕೇಳಮ್ಮಾ” ಎಂದರೆಂದು ಅವಳು ನನಗೆ ಬಂದು ಹೇಳಿದಳು.