ತಾಲೀಮಿಗೆ ಯಾವ ಗುಂಪು ಎಷ್ಟೊತ್ತಿಗೆ ಬರಬೇಕು?

ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಈಚೆಗೆ ಅಮೆರಿಕಕ್ಕೆ ಬಂದ ಮನೆಯವರಿಗೆ ಗ್ಯಾದರಿಂಗ್ ಹೊಸದಲ್ಲ. ಊರಲ್ಲಿ ತಾಲೀಮಿನ ದಿನ ಎಲ್ಲ ಮಕ್ಕಳೂ ಒಂದೇ ಹೊತ್ತಿಗೆ ಶಾಲೆಗೆ ಹೋಗುತ್ತಾರೆ. ತಮ್ಮ ಸರದಿ ಬರುವವರೆಗೂ ಅಂಗಳದಲ್ಲಿ ಕೂರುತ್ತಾರೆ, ನೋಡಿಕೊಳ್ಳಲು ಗುರುಗಳಿರುತ್ತಾರೆ. ಇಲ್ಲಿ ನಮ್ಮ ಕನ್ನಡ ಶಾಲೆಗೆ ಸ್ವಂತ ಕಟ್ಟಡವಿಲ್ಲ. ಸಭಾಂಗಣಕ್ಕೆ ಗಂಟೆ ಲೆಕ್ಕದ ಬಾಡಿಗೆ. ಅದಕ್ಕೇ ಒಂದೊಂದು ಗುಂಪಿಗೆ ಒಂದೊಂದು ಸಮಯ ಹೇಳುತ್ತೇವೆ.

ಆ ಸಮಯವನ್ನು ವೇದಿಕೆ ಹತ್ತುವ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತೇವೆ. ಮಧ್ಯಾಹ್ನ 1ಕ್ಕೆ ಸಭಾಂಗಣ ತೆರೆಯುತ್ತದೆ ಅಂದುಕೊಳ್ಳಿ. ಹಾಡುವವರು 1ಕ್ಕೇ ಬರಬೇಕು. ಅರ್ಧ ಗಂಟೆ ಮೈಕು ಪರೀಕ್ಷೆ, 1.30ಕ್ಕೆ ಹಾಡು, 2ಕ್ಕೆ ಬಿಡುವು. ಪುಟಾಣಿಗಳ ಕುಣಿತ 2ಕ್ಕೆ. ಅವರು ಮನೆಯಲ್ಲೇ ಉಡುಪು ತೊಟ್ಟು 1.40ಕ್ಕೆ ಬಂದರೆ ಸಾಕು. ಇನ್ನೂ ಬೇಗ ಕರೆದರೆ ವೇದಿಕೆ ಹತ್ತುವಷ್ಟರಲ್ಲಿ ಹಸಿವೆಂದು ಅಳುತ್ತಾರೆ.

ಅನುಭವ ಮಂಟಪದ ರೂಪಕ 2.45ಕ್ಕೆ. ಆದರೂ ಆ ಮಕ್ಕಳನ್ನು 1.45ಕ್ಕೇ ಕರೆಯುತ್ತೇವೆ. ಎಂಟು ಮಕ್ಕಳಿಗೆ ವಿಭೂತಿ, ಗಡ್ಡ, ಪಂಚೆ, ರುದ್ರಾಕ್ಷಿ ಹಚ್ಚಿ ತೊಡಿಸುವವರು ಇಬ್ಬರೇ. ಒಬ್ಬರಿಗೆ ಕಾಲು ಗಂಟೆಯಾದರೂ ಒಟ್ಟು ಒಂದು ಗಂಟೆ ಬೇಕು. ಅಲ್ಲಮನ ಪಾತ್ರದ ಹುಡುಗ 2.45ಕ್ಕೆ ಬಂದರೆ ಉಳಿದ ಏಳು ಮಂದಿ ಗಡ್ಡ ಅಂಟಿಸಿಕೊಂಡು ಕಾಯಬೇಕಾಗುತ್ತದೆ.

ಆಯಾ ಗುಂಪಿನ ವಾಟ್ಸಾಪ್‌ಗೆ ಹೋಗುವ ಸಂದೇಶ ಹೀಗಿರುತ್ತದೆ:

"ರೂಪಕದ ಮಕ್ಕಳ ಪಾಲಕರಿಗೆ ನಮಸ್ಕಾರ್ರೀ. ತಾಲೀಮು ನವೆಂಬರ್ 7, ಶನಿವಾರ. 1.45ಕ್ಕೆ ಹಿಂದಿನ ಬಾಗಿಲಿಗೆ ಬರ್ರಿ. ವೇದಿಕೆ 2.45ಕ್ಕೆ. ಕರೆದುಕೊಂಡು ಹೋಗೋದು 3.45ಕ್ಕೆ. ಊಟ ಮಾಡಿಸಿ ಕಳಿಸ್ರಿ."

ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇವೆ. 7/11 ಎಂದರೆ ನಮಗೆ ನವೆಂಬರ್, ಅಮೆರಿಕದವರಿಗೆ ಜುಲೈ. ಇಲ್ಲಿ ಹೆಚ್ಚಿನ ಕಡೆ ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ರಾಜ್ಯೋತ್ಸವದ ತಾಲೀಮುಗಳು ನಡೆಯುವುದೂ ಅದೇ ಹೊತ್ತಿಗೆ. ಫೋನು ತಾನೇ ಬದಲಾಗುತ್ತದೆ, ಗೋಡೆ ಗಡಿಯಾರ ಬದಲಾಗುವುದಿಲ್ಲ. ಆ ವಾರ ಫೋನನ್ನೇ ನೋಡಿ.

ಇಬ್ಬರು ಮಕ್ಕಳು ಬೇರೆ ಬೇರೆ ಗುಂಪಿನಲ್ಲಿದ್ದರೆ ನಿಮಗೆ ಎರಡು ಸಂದೇಶ ಬರುತ್ತವೆ. ಎರಡರಲ್ಲಿ ಮೊದಲಿನ ಸಮಯಕ್ಕೇ ಇಬ್ಬರನ್ನೂ ಕರೆತನ್ನಿ. ಅಕ್ಕ ರೂಪಕದಲ್ಲಿ, ತಮ್ಮ ಕುಣಿತದಲ್ಲಿ ಇದ್ದರೆ 1.40ಕ್ಕೆ ಬನ್ನಿ. ತಮ್ಮನಿಗೆ 2.30ಕ್ಕೆ ಬಿಡುವಾಗುತ್ತದೆ. ಆಮೇಲೆ ಅವನ ಜೊತೆ ಮನೆಯವರೊಬ್ಬರು ಇರಲೇಬೇಕು, ಚಿಕ್ಕ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಸಂದೇಶ ಕಂಡ ಕೂಡಲೇ ಮಗುವಿನ ಹೆಸರು ಬರೆದು ಉತ್ತರ ಕೊಡಿ. ಬರಿ ಹೆಬ್ಬೆರಳಿನ ಗುರುತು ಒತ್ತಿದರೆ ಯಾರ ಮನೆಯವರು ಓದಿದರೆಂದು ಪಟ್ಟಿಗೆ ತಾಳೆ ಹಾಕುವುದು ಕಷ್ಟ. ತಡವಾಗುವಂತಿದ್ದರೆ ಗುಂಪಿಗೆ ಬರೆಯದೆ ಸಂಚಾಲಕರಿಗೆ ನೇರವಾಗಿ ಫೋನ್ ಮಾಡಿ.