ಕುರ್ಚಿಯಿಂದ ಏಳುವಾಗ ಹಿಡಿಯುವ ಸೊಂಟ

ದಿನಕ್ಕೆ 8 ಗಂಟೆ ಕುಳಿತು ಲೆಕ್ಕಪತ್ರ ನೋಡುವವರಿಗೆ ಕುರ್ಚಿಯಿಂದ ಏಳುವಾಗ ಸೊಂಟ ಹಿಡಿದುಕೊಂಡು, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುವುದಕ್ಕೆ ಒಂದು ಸಂಭವನೀಯ ಕಾರಣವೆಂದರೆ, ಬೆನ್ನುಮೂಳೆಯ ಕೆಳಭಾಗದಿಂದ ತೊಡೆಮೂಳೆಗೆ ಹಾಯ್ದು ತೊಡೆಯನ್ನು ಮೇಲೆತ್ತುವ ಸೋವಾಸ್ ಎಂಬ ಸ್ನಾಯು ಬಹುಹೊತ್ತು ಮಡಿಚಿದ ಸ್ಥಿತಿಯಲ್ಲಿದ್ದು ಬಿಗಿದಿರುವುದು.

ಅದನ್ನು ಸಡಿಲಿಸಲು ಚಕ್ರವಿಲ್ಲದ ಕುರ್ಚಿಯ ಅಂಚಿನಲ್ಲಿ ಪಕ್ಕಕ್ಕೆ ತಿರುಗಿ ಕುಳಿತು, ಹೊರಬದಿಯ ಕಾಲನ್ನು ಹಿಂದಕ್ಕೆ ಸರಿಸಿ, ಮಂಡಿಯನ್ನು ನೆಲದತ್ತ ಇಳಿಸಿ, ಪೃಷ್ಠದ ಸ್ನಾಯುಗಳನ್ನು ಬಿಗಿಹಿಡಿದು 30 ಸೆಕೆಂಡು ಇರಬೇಕು. ಪ್ರತಿ ಬದಿಗೆ 2 ಬಾರಿ ಸಾಕು. ಸೆಳೆತ ತೊಡೆಸಂದಿನಲ್ಲಿ ತಿಳಿಯಬೇಕು; ಸೊಂಟದಲ್ಲಿ ತಿಳಿದರೆ ಬೆನ್ನು ಅತಿಯಾಗಿ ಹಿಂದಕ್ಕೆ ಬಾಗಿರುವ ಸಾಧ್ಯತೆಯಿದೆ.

ನೋವು ಮಂಡಿಯಿಂದ ಕೆಳಗಿಳಿದರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಕಾಲು ಬಲಗುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.