ಮುಟ್ಟಿದ್ದು ಒಂದೆಡೆ, ಗೆರೆ ಇನ್ನೊಂದೆಡೆ!

ನಿಮ್ಮ ತರಗತಿಯ ಸ್ಮಾರ್ಟ್ ಬೋರ್ಡಿಗೆ ಪ್ರೊಜೆಕ್ಟರ್ ಇದೆಯೇ? ಲ್ಯಾಪ್‌ಟಾಪ್ ಜೋಡಿಸಿದರೂ ‘No Signal’ ಅಂತ ಬಂದರೆ, ಎಚ್‌ಡಿಎಂಐ ಕೇಬಲ್ ಪ್ರೊಜೆಕ್ಟರಿನ ಯಾವ ಕಿಂಡಿಯಲ್ಲಿದೆ ನೋಡಿ. ಅಲ್ಲಿ HDMI 2 ಎಂದಿದ್ದರೆ, ರಿಮೋಟಿನ Source ಗುಂಡಿ ಒತ್ತಿ ಅದನ್ನೇ ಆರಿಸಿ.

ಚಿತ್ರ ಬಂತು, ಮುಟ್ಟಿದರೆ ಏನೂ ಆಗ್ತಿಲ್ಲವೇ? ಎಚ್‌ಡಿಎಂಐ ಚಿತ್ರ, ಧ್ವನಿಗಳನ್ನು ಒಯ್ಯುತ್ತದೆ, ಮುಟ್ಟಿದ್ದನ್ನಲ್ಲ. ಬೆರಳಿನ ಸುದ್ದಿ ಬೋರ್ಡಿನಿಂದ ಲ್ಯಾಪ್‌ಟಾಪಿಗೆ ಬರುವುದು ಯುಎಸ್‌ಬಿ ಕೇಬಲಿನಲ್ಲಿ. ಅದನ್ನೂ ಸಿಕ್ಕಿಸಿ.

ಇನ್ನು, ಗೆರೆ ಬೆರಳಿನಿಂದ ನಾಲ್ಕು ಬೆರಳು ದೂರ ಬಿದ್ದರೆ ಪ್ರೊಜೆಕ್ಟರ್ ಅಲುಗಿದೆ ಅಂತ ತಿಳಿಯಿರಿ. ಚಿತ್ರ ಸರಿದಿದೆ, ಬೋರ್ಡಿಗೆ ಅದು ಗೊತ್ತಿಲ್ಲ. ಮೊದಲು ಚಿತ್ರವನ್ನು ಚೌಕಟ್ಟಿಗೆ ಸರಿಹೊಂದಿಸಿ. ಆಮೇಲೆ ಬೋರ್ಡಿನ ತಂತ್ರಾಂಶದಲ್ಲಿ Calibrate ಒತ್ತಿ, ಒಂದೊಂದಾಗಿ ಬರುವ ಕೂಡು ಗುರುತುಗಳ ನಡುವನ್ನು ಸರಿಯಾಗಿ ಮುಟ್ಟಿ. ಒಂದು ಗುರುತು ತಪ್ಪಿದರೂ ಗೆರೆ ಮತ್ತೆ ವಾಲುತ್ತದೆ, ಮೊದಲಿನಿಂದ ಮಾಡಿ.